ಬೇಸಿಗೆಯ ಬ್ಲೇಜರಿಗೆ ಯಾವ ಬಟ್ಟೆ, ಯಾವ ಅಸ್ತರು?

ಮಂಗಳೂರು
18 ಫೆಬ್ರವರಿ 2025

ಇಬ್ರಾಹಿಂ ಮಾಸ್ಟರಿಗೆ ನಮಸ್ಕಾರಗಳು.

ನಾನು ಶ್ರೀಧರ, ಮೈಸೂರಿನ ಸರಸ್ವತೀಪುರಂನಲ್ಲಿದ್ದಾಗ ನಿಮ್ಮಲ್ಲಿಯೇ ಹೊಲಿಸುತ್ತಿದ್ದ ಕಾಲೇಜು ಮೇಷ್ಟ್ರು. ಹೆಸರಿನಿಂದ ಗುರುತು ಸಿಗದಿದ್ದರೆ, ಎಡ ಭುಜ ಬಲಕ್ಕಿಂತ ಅರ್ಧ ಅಂಗುಲ ತಗ್ಗಿರುವ ಗಿರಾಕಿ ಎಂದರೆ ಸಿಕ್ಕೀತು. 2016ರ ಡಿಸೆಂಬರಿನಲ್ಲಿ ತಂಗಿಯ ಮದುವೆಗೆಂದು ಕಂದು ಬಣ್ಣದ ಬ್ಲೇಜರ್ ಹೊಲಿದುಕೊಟ್ಟಿದ್ದಿರಿ. ಆ ಭುಜದ ಕೊರತೆಯನ್ನು ಪ್ಯಾಡಿನೊಳಗೆ ಎಷ್ಟು ಚೆನ್ನಾಗಿ ಮುಚ್ಚಿದ್ದಿರೆಂದರೆ ಮದುವೆಯ ಫೋಟೊಗಳಲ್ಲಿ ನಾನು ನೆಟ್ಟಗಿದ್ದೇನೆ. ಫೋನಿನಲ್ಲಿಯೇ ಕೇಳಬಹುದಿತ್ತು. ಆದರೆ ಬೆರಳಿಗೆ ಸಿಕ್ಕದ ಬಟ್ಟೆಯ ಬಗ್ಗೆ ನೀವು ಬಾಯಿ ಬಿಡುವುದಿಲ್ಲ ಎಂಬುದು ಗೊತ್ತಿರುವುದರಿಂದ ಮೂರು ತುಂಡುಗಳನ್ನು ಈ ಕಾಗದಕ್ಕೆ ಪಿನ್ನು ಮಾಡಿ ಕಳಿಸುತ್ತಿದ್ದೇನೆ.

ವಿಷಯ ಇಷ್ಟು. ಮಂಗಳೂರಿಗೆ ವರ್ಗವಾಗಿ ಬಂದ ಮೇಲೆ ಸಭೆ ಸಮಾರಂಭಗಳ ನಿರೂಪಣೆ ನನ್ನ ಕೊರಳಿಗೆ ಬಿದ್ದಿದೆ. ಏಪ್ರಿಲ್ 27ರ ಭಾನುವಾರ ಸಂಜೆ ಕಾಲೇಜಿನ ಮೈದಾನದಲ್ಲಿ ಹಳೆಯ ವಿದ್ಯಾರ್ಥಿಗಳ ದೊಡ್ಡ ಕಾರ್ಯಕ್ರಮವಿದೆ. ಮೂರು ಗಂಟೆ ದೀಪಗಳ ಕೆಳಗೆ ಮೈಕು ಹಿಡಿದು ನಿಂತಿರಬೇಕು, ಬ್ಲೇಜರ್ ಕಡ್ಡಾಯ. ಮೈಸೂರಿನ ಸೆಖೆಯಲ್ಲಿ ನೆರಳಿಗೆ ಸರಿದರೆ ಬೆವರು ಆರುತ್ತದೆ. ಇಲ್ಲಿ ಗಾಳಿಯೇ ಒದ್ದೆ, ಬೆವರು ಆರಲು ಜಾಗವೇ ಇಲ್ಲ.

ಕಳೆದ ವರ್ಷ ನಿಮ್ಮ ಕಂದು ಬ್ಲೇಜರ್ ಹೊಟ್ಟೆಗೆ ಹತ್ತದಾದಾಗ ಇಲ್ಲಿನ ಒಂದು ಅಂಗಡಿಯಲ್ಲಿ ರೆಡಿಮೇಡ್ ಕೊಂಡು ಪಾಠ ಕಲಿತೆ. ಮೇಲಿನ ಬಟ್ಟೆ ತೆಳುವಾಗಿಯೇ ಇತ್ತು, ಕೈಗೆ ತಂಪು ಎನ್ನಿಸುತ್ತಿತ್ತು. ಒಳಗೆ ಮಾತ್ರ ಕುತ್ತಿಗೆಯಿಂದ ಅಂಚಿನವರೆಗೆ ಹೊಳೆಯುವ ಪಾಲಿಯೆಸ್ಟರ್ ಅಸ್ತರು. ಸ್ವಾಗತ ಭಾಷಣ ಮುಗಿಯುವ ಹೊತ್ತಿಗೆ ಅದು ಅಂಗಿಯ ಜೊತೆ ಬೆನ್ನಿಗೆ ಅಂಟಿಕೊಂಡಿತು. ವಂದನಾರ್ಪಣೆಯಾಗಿ ಬಿಚ್ಚಿದರೆ ಬಿಳಿ ಅಂಗಿಯ ಕಂಕುಳಲ್ಲಿ ಅಸ್ತರಿನ ನೀಲಿ ಬಣ್ಣ ಇಳಿದಿತ್ತು. ಒದ್ದೆಯಾದದ್ದನ್ನು ಹಾಗೆಯೇ ಕಾರಿನಲ್ಲಿ ಬಿಟ್ಟು ಎರಡು ದಿನ ಬಿಸಿಲಿಗೆ ಬೇಯಿಸಿದ್ದು ನನ್ನದೇ ತಪ್ಪು. ಎದೆಯ ಭಾಗದಲ್ಲಿ ಅಂಟಿನಿಂದ ಕೂರಿಸಿದ್ದ ಒಳಪದರ ಬಿಟ್ಟುಕೊಂಡು, ಕಾವಲಿಯ ಮೇಲಿನ ದೋಸೆಯಂತೆ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಇಸ್ತ್ರಿ ಹಾಕಿದರೂ ಕೂರಲಿಲ್ಲ.

ಅಂದಿನಿಂದ ನನಗೆ ಮೇಲಿನ ಬಟ್ಟೆಗಿಂತ ಒಳಗಿನ ಅಸ್ತರಿನ ಮೇಲೆಯೇ ಹೆಚ್ಚು ಗುಮಾನಿ. ಆದರೂ ಮೊದಲು ಬಟ್ಟೆಯನ್ನು ನೋಡಿ.

ಒಂದನೆಯ ತುಂಡು ಲಿನನ್, ತಿಳಿ ಬೂದು. ಹಂಪನಕಟ್ಟೆಯ ಅಂಗಡಿಯವರು ಕಣ್ಣುಮುಚ್ಚಿ ಇದನ್ನೇ ಒಯ್ಯಿರಿ ಎಂದರು. ತಂಪೇನೋ ಹೌದು, ಬೆವರನ್ನು ಹೀರಿ ಬೇಗ ಆರುತ್ತದೆ. ಆದರೆ ಮುಷ್ಟಿಯಲ್ಲಿ ಹಿಡಿದು ಬಿಟ್ಟು ನೋಡಿ, ಅಂಗೈಯ ರೇಖೆಗಳೆಲ್ಲ ಅದರ ಮೇಲೆ ಮೂಡುತ್ತವೆ. ಮೈಕು ಹಿಡಿಯುವವನ ಬಲ ಮೊಣಕೈ ಮಡಚಿಕೊಂಡೇ ಇರುತ್ತದೆ; ಅರ್ಧ ಗಂಟೆಯಲ್ಲಿ ಒಂದು ತೋಳು ಒಗೆಯಲು ಹಾಕಿದ್ದರ ಹಾಗೆ, ಇನ್ನೊಂದು ಇಸ್ತ್ರಿ ಮಾಡಿದ್ದರ ಹಾಗೆ ಕಾಣುತ್ತದೆ. ಲಿನನ್ನಿನ ನೆರಿಗೆಯೇ ಅದರ ಅಂದ ಎನ್ನುವವರಿದ್ದಾರೆ. ನನ್ನ ಪ್ರಾಂಶುಪಾಲರು ಆ ಪೈಕಿಯವರಲ್ಲ.

ಎರಡನೆಯದು ಕಡುನೀಲಿ, ಟ್ರಾಪಿಕಲ್ ಉಲ್ಲನ್. ಚದರ ಮೀಟರಿಗೆ 240 ಗ್ರಾಂ ತೂಗುತ್ತದೆ ಎಂದರು. ಬೇಸಿಗೆಗೆ ಉಣ್ಣೆಯೇ ಎಂದು ಮನೆಯಾಕೆ ನಗುತ್ತಿದ್ದಾಳೆ. ಕಿಟಕಿಗೆ ಹಿಡಿದರೆ ನೇಯ್ಗೆಯ ಸಂದಿಯಲ್ಲಿ ಬೆಳಕು ಕಾಣುತ್ತದೆ. ಬಾಯಿಗಿಟ್ಟು ಊದಿದರೆ ಆಚೆ ಬದಿಯಲ್ಲಿಟ್ಟ ಅಂಗೈಗೆ ಉಸಿರು ತಾಕುತ್ತದೆ. ಹಿಂಡಿ ಬಿಟ್ಟರೆ ನೂಲಿನ ಹುರಿಯಿಂದಲೋ ಏನೋ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಉಣ್ಣೆ ತನ್ನ ತೂಕದ ಮೂರರಲ್ಲೊಂದರಷ್ಟು ತೇವವನ್ನು ಹೀರಿದರೂ ಕೈಗೆ ಒದ್ದೆ ಅನ್ನಿಸುವುದಿಲ್ಲ ಎಂಬುದನ್ನು ನಾನೂ ಓದಿದ್ದೇನೆ. ನನ್ನ ಮನಸ್ಸು ಇದರ ಕಡೆಗೇ ವಾಲಿದೆ.

ಮೂರನೆಯದನ್ನೂ ಉಲ್ಲನ್ ಎಂದೇ ಕೊಟ್ಟರು, ಬೆಲೆ ಎರಡನೆಯದರ ಅರ್ಧಕ್ಕಿಂತ ಕಡಿಮೆ. ನೀವು ಹಿಂದೊಮ್ಮೆ ಮಾಡಿ ತೋರಿಸಿದಂತೆ ಅಂಚಿನಿಂದ ನಾಲ್ಕು ಎಳೆ ಕಿತ್ತು ಹಿತ್ತಲಿನಲ್ಲಿ ಬೆಂಕಿಕಡ್ಡಿ ಗೀರಿದೆ. ಕೂದಲು ಸುಟ್ಟ ವಾಸನೆ ಸ್ವಲ್ಪ ಬಂದದ್ದು ನಿಜ, ಆದರೆ ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಮಣಿ ಉಳಿಯಿತು, ಉಗುರಿನಲ್ಲಿ ಒತ್ತಿದರೂ ಪುಡಿಯಾಗಲಿಲ್ಲ. ಎರಡನೆಯದರ ಎಳೆ ಬೂದಿಯಾಗಿ ಬೆರಳಲ್ಲಿ ಉದುರಿತ್ತು. ಹಾಗಾಗಿ ಇದು ಪಾಲಿಯೆಸ್ಟರ್ ಬೆರೆತ ಟೆರಿವುಲ್ ಎಂದು ನನ್ನ ತೀರ್ಮಾನ, ತಪ್ಪಿದ್ದರೆ ತಿದ್ದಿ.

ಇನ್ನು ಅಸ್ತರು. ಪೂರ್ತಿ ಅಸ್ತರು ಬೇಡವೇ ಬೇಡ. ಬೆನ್ನಿಗೆ ಮೇಲಿನಿಂದ ಒಂದು ಗೇಣು, ಮುಂಭಾಗದಲ್ಲಿ ಒಳಜೇಬು ಕೂರುವಷ್ಟು, ತೋಳಿಗೆ ಪೂರ್ತಿ, ಇಷ್ಟಕ್ಕೆ ನಿಲ್ಲಿಸಬಹುದೇ? ಬೆನ್ನಿನ ಕೆಳಭಾಗ ಬರಿದಾದರೆ ಬಟ್ಟೆ ಜೋತುಬಿದ್ದು ಪ್ಯಾಂಟಿಗೆ ಹಿಡಿದುಕೊಳ್ಳುತ್ತದೆಯೇ? ತೆಳು ಹತ್ತಿಯ ಅಸ್ತರು ಹಾಕಿಸಿ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಬೆನ್ನಿಗೆ ಸರಿಹೋದೀತು, ತೋಳಿಗೆ ಹಾಕಿದರೆ ಹತ್ತಿಯ ಅಂಗಿಯ ಮೇಲೆ ಹತ್ತಿ ಜಾರುವುದಿಲ್ಲ, ಬ್ಲೇಜರ್ ತೊಡುವಾಗ ಅಂಗಿಯ ತೋಳು ಮೊಣಕೈಗೆ ಏರುತ್ತದೆ. ತೋಳಿಗೆ ವಿಸ್ಕೋಸ್ ಇರಲಿ ಅನ್ನಿಸುತ್ತದೆ. ಕ್ಯೂಪ್ರೊ ಎಂಬ ಇನ್ನೊಂದಿದೆಯಲ್ಲ, ಹತ್ತಿಬೀಜದ ಮೇಲಿನ ಸಣ್ಣ ತುಪ್ಪಳಿನಿಂದ ಮಾಡುವಂಥದ್ದು. ಜಾರುತ್ತದೆ, ಬೆವರನ್ನೂ ಹೀರುತ್ತದೆ ಎನ್ನುತ್ತಾರೆ. ಅದು ನಿಮ್ಮ ಕಡೆ ಸಿಗುತ್ತದೆಯೇ? ವಿಸ್ಕೋಸಿಗಿಂತ ಎಷ್ಟು ದುಬಾರಿ? ಯಾವುದಾದರೂ ಸರಿ, ಬಿಳಿ ಬಟ್ಟೆಯ ಮೇಲೆ ಒದ್ದೆ ಮಾಡಿ ತಿಕ್ಕಿ, ಬಣ್ಣ ಬಿಡದ್ದನ್ನೇ ಆರಿಸಿ. ನೀಲಿ ಕಂಕುಳು ಒಂದು ಸಲ ಸಾಕು.

ಅಸ್ತರು ಅರ್ಧ ಮಾಡಿದ್ದಕ್ಕೆ ಕೂಲಿಯನ್ನೂ ಅರ್ಧ ಮಾಡಿ ಎನ್ನುವವನು ನಾನಲ್ಲ. ಒಳಗಿನ ಹೊಲಿಗೆಗಳೆಲ್ಲ ಬಯಲಿಗೆ ಬೀಳುವುದರಿಂದ ಪ್ರತಿಯೊಂದರ ಅಂಚಿಗೂ ಪೈಪಿಂಗ್ ಕಟ್ಟಬೇಕು, ಕೆಲಸ ಹೆಚ್ಚೇ. ಎದೆಗೆ ಅಂಟಿನ ಬುಕ್ರಂ ಬದಲು ತೆಳುವಾದ ಕ್ಯಾನ್ವಾಸನ್ನು ಕೈಯಿಂದ ಟಾಕು ಹಾಕಿ ಕೂರಿಸುವುದಾದರೆ ಅದರ ಕೂಲಿಯನ್ನೂ ಸೇರಿಸಿ ಹೇಳಿ. ಪ್ಯಾಡು ಬಿಸಿಯೆಂದು ತೆಗೆಯಬೇಡಿ, ಎಡಕ್ಕೆ ಮಾತ್ರ ಒಂದು ತೆಳು ಪದರವಾದರೂ ಬೇಕು. ಮಿಕ್ಕ ಜೇಬು, ಗುಂಡಿ, ಹಿಂದಿನ ಸೀಳು ಎಲ್ಲ ನಿಮ್ಮ ಇಷ್ಟ.

ಜೂನ್ ಬಂದರೆ ಇಲ್ಲಿ ಬೀರುವಿನೊಳಗೂ ಬೂಷ್ಟು ಹಿಡಿಯುತ್ತದೆ. ಉಣ್ಣೆಗೆ ಹುಳುವಿನ ಕಾಟವೂ ಇದೆಯಂತೆ. ಮಳೆಗಾಲದಲ್ಲಿ ಹೇಗೆ ಇಡಬೇಕೆಂದು ಎರಡು ಸಾಲು ಬರೆಯಿರಿ.

ಹಳೆಯ ಅಳತೆ ನಿಮ್ಮ ಪುಸ್ತಕದಲ್ಲಿದ್ದರೂ ನಂಬಬೇಡಿ. ಸೊಂಟ ಈಗ 38, ಆಗ 34 ಇದ್ದ ನೆನಪು. 58 ಅಂಗುಲ ಅಗಲದ ಬಟ್ಟೆ ಎರಡು ಮೀಟರ್ ಸಾಕೇ, ಹೊಟ್ಟೆಯನ್ನು ನೋಡಿ ಕಾಲು ಮೀಟರ್ ಹೆಚ್ಚು ತರಲೇ? ಮಾರ್ಚ್ 8, ಎರಡನೆಯ ಶನಿವಾರ, ಮೈಸೂರಿಗೆ ಬರುತ್ತೇನೆ. ಅಷ್ಟರೊಳಗೆ ನಿಮ್ಮ ಉತ್ತರ ಬಂದರೆ ಬಟ್ಟೆಯನ್ನು ಕೊಂಡು, ಜೊತೆಗೇ ತಂದು ಅಳತೆ ಕೊಟ್ಟುಹೋಗುತ್ತೇನೆ. ಟ್ರಯಲ್‌ಗೆ ಏಪ್ರಿಲ್ ಮೊದಲ ವಾರ ಮತ್ತೊಮ್ಮೆ ಬರುತ್ತೇನೆ. ಎರಡನೆಯ ತುಂಡು ನಿಮಗೆ ಹಿಡಿಸದಿದ್ದರೆ ಸಂಕೋಚವಿಲ್ಲದೆ ತಿಳಿಸಿ, ಅಂಗಡಿಯವರಿಗೆ ಇನ್ನೂ ಮುಂಗಡ ಕೊಟ್ಟಿಲ್ಲ.

ಇಂತಿ,
ಶ್ರೀಧರ