ಮೊಮ್ಮಗನ ಮದುವೆಯಲ್ಲಿ ಅಜ್ಜನ ಎರಡು ಮಾತು

ಎಲ್ಲರಿಗೂ ನಮಸ್ಕಾರ. ಬೀಗರಿಗೆ ಇನ್ನೊಂದು ನಮಸ್ಕಾರ, ಅಷ್ಟು ದೂರದ ಹಾಸನದಿಂದ ಈ ತೀರ್ಥಹಳ್ಳಿ ಮಳೆಗೆ ಬಂದಿದ್ದೀರಿ.

ಪಾನಕ ಎಲ್ಲರ ಕೈಗೂ ಬಂತಲ್ವಾ? ಈಗಲೇ ಕುಡಿಯಬೇಡಿ. ಮಾತು ಮುಗಿದ ಮೇಲೆ ಲೋಟ ಎತ್ತಿ ಕುಡಿಯಬೇಕಂತೆ, ನಮ್ಮ ಸುಹಾಸ ಬೆಂಗಳೂರಿನಿಂದ ತಂದ ಪದ್ಧತಿ. ಅಡುಗೆ ಭಟ್ಟರಿಗೆ ಇದು ಒಪ್ಪಿಗೆಯಿಲ್ಲ.

ಮೇಘನಾ, ನಿನಗೊಂದು ಎಚ್ಚರಿಕೆ. ಇವನಿಗೆ ಚಿಕ್ಕಂದಿನಿಂದಲೂ ಪ್ರಶ್ನೆ ಜಾಸ್ತಿ. ದಸರಾ ರಜೆಗೆ ಬಂದರೆ ಅಡಿಕೆ ಸುಲಿಯುವವರ ನಡುವೆಯೇ ಕೂರುತ್ತಿದ್ದ. ಮೆಟ್ಟುಗತ್ತಿ ಮುಟ್ಟಬೇಡ ಅಂದರೂ ಮುಟ್ಟಿದ. ಎಡಗೈ ಹೆಬ್ಬೆರಳಿನ ಗೀರು ನೋಡು, ಇನ್ನೂ ಇದೆ. ಒಂದು ರಾತ್ರಿ ಅಲ್ಲೇ ಕೂತು ಕೇಳಿದ, "ಅಜ್ಜಾ, ನಮ್ಮನೆ ಜಗಲಿ ಮಧ್ಯೆ ಗೋಡೆ ಯಾಕಿದೆ?" ಗಾಳಿಗೆ ಅಂದೆ. "ಗೋಡೆ ಕಟ್ಟಿದ್ರೆ ಗಾಳಿ ಬರುತ್ತಾ?" ಅಂದ. ಹಂಡೆ ಒಲೆಗೆ ಸೌದೆ ತಾ ಹೋಗು ಅಂತ ಎಬ್ಬಿಸಿ ಕಳಿಸಿದೆ.

ಆ ಹಂಡೆ ನಮ್ಮಪ್ಪ ತಂದದ್ದು. ತಾಮ್ರದ್ದು. ಇಳಿಸೋಕೆ ಇಬ್ಬರು ಬೇಕು. ಒಂದು ಬಳೆ ನಾನು ಹಿಡಿಯುತ್ತಿದ್ದೆ, ಇನ್ನೊಂದು ಬಳೆ ಹಿಡಿಯುವವನೂ ಮನೆಯಲ್ಲೇ ಇದ್ದ. 1984ರಲ್ಲಿ ಹಿಸ್ಸೆಯಾಯಿತು. ತೋಟ ಎರಡಾಯಿತು, ಸೊಪ್ಪಿನ ಬೆಟ್ಟ ಎರಡಾಯಿತು, ಜಗಲಿಯೂ ಎರಡಾಯಿತು. ಹಂಡೆ ಮಾತ್ರ ಎರಡು ಮಾಡೋಕೆ ಬರಲಿಲ್ಲ. ಅದರ ಮೇಲೆ ಒಂದು ಮಾತು ಬಂತು. ಯಾರು ಏನಂದರು ಅಂತ ಸರಿಯಾಗಿ ಗೊತ್ತಿರುವವರು ಇಬ್ಬರೇ, ಇಬ್ಬರೂ ಈಗ ಈ ಹಾಲ್‌ನಲ್ಲೇ ಇದ್ದಾರೆ. ಇರಲಿ, ಮದುವೆ ಮನೆಯಲ್ಲಿ ಅದು ಬೇಡ.

ಕರೆಯುವವರ ಪಟ್ಟಿ ನಾನೇ ಬರೆದದ್ದು. ಸುಹಾಸ ಅದಕ್ಕೆ ಒಂದು ಹೆಸರು ಸೇರಿಸಿಕೊಂಡ. ನನ್ನನ್ನು ಕೇಳಲಿಲ್ಲ. ಗೋಡೆಯಾಚೆ ಹೋಗಿ, ಚಿಕ್ಕಜ್ಜನ ಕಾಲಿಗೆ ಬಿದ್ದು, ಮಂತ್ರಾಕ್ಷತೆ ಕೊಟ್ಟು, ಕಾಫಿಯನ್ನೂ ಕುಡಿದು ಬಂದ. ನನಗೆ ಆಮೇಲೆ ಗೊತ್ತಾಯಿತು. ಬೈಯೋಣ ಅಂತಲೇ ಬಾಯಿ ತೆಗೆದೆ. ಕಾಫಿಗೆ ಬೆಲ್ಲ ಹಾಕಿದ್ದರಾ ಅಂತ ಕೇಳಿದೆ.

ಅಲ್ಲಿ ಕಂಬದ ಪಕ್ಕ ಕೂತವರು ಲೋಟ ಮುಟ್ಟದೆ ಕೆಳಗಿಟ್ಟಿದ್ದಾರೆ. ಏಲಕ್ಕಿ ವಾಸನೆ ಅವನಿಗೆ ಆಗುವುದಿಲ್ಲ, ಹುಡುಗನಾಗಿದ್ದಾಗಿನಿಂದಲೂ. ಏಲಕ್ಕಿ ಹಾಕದ್ದು ಒಂದು ಲೋಟ ತೆಗೆದಿಡಿ ಅಂತ ಬೆಳಗ್ಗೆಯೇ ಭಟ್ಟರಿಗೆ ಹೇಳಿದ್ದೆ. ಇಲ್ಲೇ ನನ್ನ ಪಕ್ಕದ ಮೇಜಿನ ಮೇಲಿದೆ. ಬಲವಂತವೇನಿಲ್ಲ. ಬರುವುದಾದರೆ, ಸುಹಾಸ, ಮೆಟ್ಟಿಲ ಹತ್ತಿರ ಅವನ ಕೈ ಹಿಡಿ, ಮಂಡಿ ನೋವು ಅಂತ ಕೇಳಿದ್ದೇನೆ.

ಸರಿ, ಎಲ್ಲರೂ ಲೋಟ ಎತ್ತಿ. ಸುಹಾಸ, ಮೇಘನಾ, ನೂರು ಕಾಲ ಚೆನ್ನಾಗಿರಿ.