ಮೊದಲ ಮಹಡಿ ತಾರಸಿ ಸ್ಲ್ಯಾಬ್: ಸೈಟಿನಿಂದ ಬಂದ ಮೆಸೇಜು, ಮಾಲೀಕರಿಗೆ ಹೋದ ವರದಿ

ಸೈಟ್ ಎಂಜಿನಿಯರ್ ಸಂಜೆ ಕಳಿಸಿದ ಮೆಸೇಜು ಮೊದಲು, ಅದರಿಂದ ನಾನು ತಯಾರಿಸಿ ಮಾಲೀಕರಿಗೆ ಕಳಿಸಿದ ವರದಿ ಆಮೇಲೆ. ನಡುನಡುವೆ ನಾನು ಸೈಟಿಗೆ ಬರೆದ ಸಾಲುಗಳೂ ಫೈಲಿನಲ್ಲಿ ಹಾಗೇ ಇವೆ.

ಸೋಮವಾರ

*ಸೈಟಿನಿಂದ:* ಮೇಡಂ, ಬಾರ್ ಬೆಂಡಿಂಗ್ ಅರ್ಧ ಆಯ್ತು ಅಂದ್ಕೊಳಿ. 6 ಜನ ಬರ್ತೀವಿ ಅಂದೋರು 4 ಜನ ಬಂದ್ರು. ಇಬ್ರು ಕೈ ಕೊಟ್ರು, ಫೋನೂ ಎತ್ತಲ್ಲ. ಫ್ಯಾನ್ ಪಾಯಿಂಟ್ ಎಲ್ಲಿ ಅಂತ ಓನರ್ ಇನ್ನೂ ಹೇಳಿಲ್ಲ, ಎಲೆಕ್ಟ್ರಿಷಿಯನ್ ತಲೆ ತಿಂತಾ ಇದಾನೆ. ಗುರುವಾರ ಕಾಂಕ್ರೀಟ್ ಪಕ್ಕಾ.

*ನಾನು:* ಅರ್ಧ ಅಂದ್ರೆ ಎಷ್ಟು? 6 ಪ್ಯಾನೆಲ್‌ನಲ್ಲಿ ಎಷ್ಟು ಕಟ್ಟಿ ಆಯ್ತು ಹೇಳಿ.

*ಸೈಟಿನಿಂದ:* ಅಡಿ ಜಾಲ 3 ಫುಲ್. ನಾಲ್ಕನೇದು ಶುರು.

*ವರದಿ:*

ಮಾನ್ಯರೇ,

ತಾರಸಿ ಸ್ಲ್ಯಾಬಿನ 6 ಪ್ಯಾನೆಲ್‌ಗಳ ಪೈಕಿ 3ರಲ್ಲಿ ಕೆಳಗಿನ ಕಬ್ಬಿಣದ ಜಾಲ ಕಟ್ಟಿ ಮುಗಿದಿದೆ. ನಾಲ್ಕನೆಯದು ನಡೆಯುತ್ತಿದೆ. ಇಂದು 6 ಮಂದಿ ಬಾರ್ ಬೆಂಡರ್‌ಗಳು ಬರಬೇಕಿತ್ತು, 4 ಮಂದಿ ಬಂದರು. ಹಾಗಾಗಿ ಯೋಜನೆಗಿಂತ ಸುಮಾರು ಅರ್ಧ ದಿನದ ಕೆಲಸ ಹಿಂದಿದೆ. ನಾಳೆ ಹೆಚ್ಚು ಜನರನ್ನು ಹಾಕಿ ಸರಿದೂಗಿಸುತ್ತೇವೆ. ಸದ್ಯಕ್ಕೆ ಗುರುವಾರ ಬೆಳಿಗ್ಗೆಯೇ ಕಾಂಕ್ರೀಟ್ ಎಂದು ಇಟ್ಟುಕೊಂಡಿದ್ದೇವೆ.

ನಿಮ್ಮಿಂದ ಒಂದು ತೀರ್ಮಾನ ಬೇಕು. ಹಾಲ್ ಮತ್ತು ಎರಡು ಮಲಗುವ ಕೋಣೆಗಳ ಫ್ಯಾನ್ ಪಾಯಿಂಟ್ ಜಾಗವನ್ನು ನಾಳೆ ಮಧ್ಯಾಹ್ನ 12ರೊಳಗೆ ತಿಳಿಸಿ. ಫ್ಯಾನ್ ಬಾಕ್ಸ್ ಕಾಂಕ್ರೀಟಿನ ಒಳಗೆ ಕೂರುತ್ತದೆ. ಆಮೇಲೆ ಜಾಗ ಬದಲಿಸಬೇಕಾದರೆ ಸ್ಲ್ಯಾಬ್ ಕೊರೆಯಬೇಕಾಗುತ್ತದೆ.

ಮಂಗಳವಾರ

*ಸೈಟಿನಿಂದ:* ಮೇಡಂ ಇವತ್ತು ದೊಡ್ಡ ರಾಮಾಯಣ. ಓನರ್ ಭಾವ ಬಂದಿದ್ರು. ಹಾಲಲ್ಲಿ ಬೆಳಕು ಬರಲ್ಲ, 3 ಅಡಿ ಓಪನಿಂಗ್ ಬಿಡಿ, ಗ್ಲಾಸ್ ಹಾಕ್ಸೋಣ ಅಂದ್ರು. ನಾನು ಕೆಳಗೆ ಜಾಕಿ ನೋಡ್ತಾ ಇದ್ದೆ. ಮೇಲೆ ಬರೋದ್ರೊಳಗೆ ಮೇಸ್ತ್ರಿ ಎರಡು ರಾಡು ಕಟ್ ಮಾಡ್ಸಿಬಿಟ್ಟಿದ್ದ! ಯಾರನ್ನ ಕೇಳಿ ಮಾಡ್ದೆ ಅಂದ್ರೆ "ಓನರ್ ಮನೆಯವರೇ ಹೇಳಿದ್ರಲ್ಲ ಸಾರ್" ಅಂತಾನೆ. ನಾನು ಬೇಡ ಅಂದಿದ್ದಕ್ಕೆ ಭಾವನಿಗೆ ಸಿಟ್ಟು, "ನೀನ್ಯಾರು ಕೇಳೋಕೆ" ಅಂದ್ರು. ಹೀಗಾದ್ರೆ ನಾನು ಕೆಲಸ ಮಾಡೋದು ಹೇಗೆ ನೀವೇ ಹೇಳಿ. ಬಾರ್ ಬೆಂಡಿಂಗ್ 6ಕ್ಕೆ 6 ಮುಗೀತು, ಅದೊಂದು ಸಮಾಧಾನ. ಫ್ಯಾನ್ ಪಾಯಿಂಟ್ ಬಂತು.

*ನಾನು:* ಯಾವ ಸೈಜಿನ ರಾಡು, ಎಲ್ಲಿ ಕಟ್ ಆಗಿದೆ, ಫೋಟೋ ಕಳಿಸಿ. ಸಿಟ್ಟಿನ ಭಾಗ ನನ್ನ ಹತ್ರವೇ ಇರಲಿ, ವರದಿಗೆ ಬೇಡ. ಆದ್ರೆ ರಾಡು ಕಟ್ ಆಗಿದ್ದನ್ನ ಮುಚ್ಚಿಡೋದೂ ಬೇಡ. ನಾಳೆ ಭಾವನೇ ಹೇಳ್ತಾರೆ, ಆಗ ನಾವು ಬಾಯಿ ಬಿಡದಂತೆ ಆಗುತ್ತೆ.

*ವರದಿ:*

ಮಾನ್ಯರೇ,

6 ಪ್ಯಾನೆಲ್‌ಗಳಲ್ಲೂ ಕೆಳಗಿನ ಜಾಲ ಮುಗಿದಿದೆ. ಸೋಮವಾರದ ಅರ್ಧ ದಿನದ ಹಿನ್ನಡೆ ಸರಿಹೋಗಿದೆ. ಫ್ಯಾನ್ ಪಾಯಿಂಟ್ ಬಗ್ಗೆ ನಿಮ್ಮ ಉತ್ತರ ಬಂದಿದೆ, ವಂದನೆಗಳು.

ಇಂದು ನಡೆದ ಒಂದು ವಿಷಯ ನಿಮ್ಮ ಗಮನಕ್ಕೆ. ನಿಮ್ಮ ಕುಟುಂಬದ ಹಿರಿಯರೊಬ್ಬರು ಸೈಟಿಗೆ ಬಂದಿದ್ದರು. ಹಾಲಿಗೆ ಬೆಳಕು ಬರಲೆಂದು ಸ್ಲ್ಯಾಬಿನಲ್ಲಿ 3 ಅಡಿ ಚೌಕದ ತೆರಪು ಬಿಡಲು ಸೂಚಿಸಿದರು. ನಮ್ಮ ಮೇಸ್ತ್ರಿ ಎಂಜಿನಿಯರನ್ನು ಕೇಳದೆ 10 ಮಿ.ಮೀ.ನ ಎರಡು ರಾಡುಗಳನ್ನು ಕತ್ತರಿಸಿದರು. ಅದು ನಮ್ಮ ಕಡೆಯ ತಪ್ಪು. ಎಂಜಿನಿಯರ್ ಕೂಡಲೇ ಕೆಲಸ ನಿಲ್ಲಿಸಿದರು.

ಕತ್ತರಿಸಿದ ಎರಡೂ ಕಡೆ ಅದೇ ಅಳತೆಯ ಹೊಸ ರಾಡು ಸೇರಿಸುತ್ತೇವೆ. ಪ್ರತಿ ತುದಿಯಲ್ಲೂ ಹಳೆಯ ರಾಡಿನ ಮೇಲೆ 500 ಮಿ.ಮೀ. ಲ್ಯಾಪ್ ಇರುತ್ತದೆ, ಅಂದರೆ ರಾಡಿನ ದಪ್ಪದ 50 ಪಟ್ಟು. ನಾಳೆ ಬೆಳಿಗ್ಗೆ ಇದು ಮುಗಿಯುತ್ತದೆ, ಖರ್ಚು ನಮ್ಮದೇ. ಫೋಟೋಗಳನ್ನು ಲಗತ್ತಿಸಿದ್ದೇವೆ.

ತೆರಪು ಬೇಕೇ ಬೇಡವೇ ಎಂಬುದು ನಿಮ್ಮ ನಿರ್ಧಾರ. ಬೇಕಾದರೆ ಅದರ ಸುತ್ತ ಹೆಚ್ಚುವರಿ ಕಬ್ಬಿಣ ಬೇಕು, ಸ್ಟ್ರಕ್ಚರಲ್ ಎಂಜಿನಿಯರ್ ಹೊಸ ಡ್ರಾಯಿಂಗ್ ಕೊಡಬೇಕು. ಆಗ ಕಾಂಕ್ರೀಟ್ ಈ ವಾರ ಆಗುವುದಿಲ್ಲ. ಬೇಡವಾದರೆ ಈಗಿನ ಡ್ರಾಯಿಂಗ್ ಪ್ರಕಾರವೇ ಮುಂದುವರಿಯುತ್ತೇವೆ. ನಾಳೆ ಬೆಳಿಗ್ಗೆ 10ರೊಳಗೆ ಲಿಖಿತವಾಗಿ ತಿಳಿಸಿ. ಇನ್ನು ಮುಂದೆ ಬದಲಾವಣೆ ಯಾರು ಹೇಳಿದರೂ ನಿಮ್ಮ ಲಿಖಿತ ಒಪ್ಪಿಗೆ ಬಂದ ಮೇಲೆಯೇ ಕೈಹಾಕುವಂತೆ ಸೈಟಿನಲ್ಲಿ ತಿಳಿಸಿದ್ದೇವೆ.

ಬುಧವಾರ

*ಸೈಟಿನಿಂದ:* ಓಪನಿಂಗ್ ಬೇಡ ಅಂತ ಓನರ್ ಮೆಸೇಜ್ ಹಾಕಿದ್ರು, ಉಸಿರಾಡ್ದೆ. ರಾಡ್ ಸೇರ್ಸಿ ಆಯ್ತು. ಎಲೆಕ್ಟ್ರಿಷಿಯನ್ ಪೈಪ್ ಎಳೆಯೋವಾಗ ಮೇಲಿನ ರಾಡ್ ಮೇಲೆಲ್ಲ ತುಳಿದಾಡಿದಾನೆ, ಬೀಮ್ ಹತ್ರ ರಾಡ್ ಕೆಳಗೆ ಕೂತ್ಬಿಟ್ಟಿದೆ. ಕವರ್ ಬ್ಲಾಕ್ ಅಲ್ಲಲ್ಲಿ ಜಾರಿದೆ. ಎಲ್ಲ ಎತ್ತಿ ಸರಿ ಮಾಡ್ತಾ ಇದೀವಿ, ರಾತ್ರಿ 8 ಆಗುತ್ತೆ.

*ವರದಿ:*

ಮಾನ್ಯರೇ,

ನಿಮ್ಮ ಸೂಚನೆಯಂತೆ ತೆರಪಿನ ವಿಷಯ ಕೈಬಿಟ್ಟಿದ್ದೇವೆ. ಕತ್ತರಿಸಿದ್ದ ರಾಡುಗಳನ್ನು ಸರಿಪಡಿಸಿ ಅಳತೆ ನೋಡಿದ್ದೇವೆ.

ವಿದ್ಯುತ್ ಪೈಪ್ ಕೆಲಸ ಮುಗಿದಿದೆ. ಆ ಓಡಾಟದಲ್ಲಿ ಬೀಮ್‌ಗಳ ಮೇಲಿನ ರಾಡುಗಳು ಕೆಲವೆಡೆ ಕೆಳಗೆ ಕುಸಿದಿದ್ದವು. ಆ ರಾಡುಗಳು ಸ್ಲ್ಯಾಬಿನ ಮೇಲ್ಭಾಗದಲ್ಲೇ ಇರಬೇಕು, ಇಲ್ಲದಿದ್ದರೆ ಬೀಮ್ ಪಕ್ಕದಲ್ಲಿ ಬಿರುಕು ಬರುತ್ತದೆ. ಚೇರ್ ರಾಡು ಜಾಸ್ತಿ ಕೊಟ್ಟು ಎತ್ತರಿಸುತ್ತಿದ್ದೇವೆ. ಜಾರಿದ ಕಡೆ 20 ಮಿ.ಮೀ. ಕವರ್ ಬ್ಲಾಕ್‌ಗಳನ್ನು ಮತ್ತೆ ಇಡುತ್ತಿದ್ದೇವೆ. ಕೆಲಸ ಇಂದು ರಾತ್ರಿಗೆ ಮುಗಿಯುತ್ತದೆ. ನಾಳೆ ಬೆಳಿಗ್ಗೆ ಕೊನೆಯ ತಪಾಸಣೆ ಆದ ಮೇಲೆಯೇ ಕಾಂಕ್ರೀಟ್ ಗಾಡಿ ಕರೆಸುತ್ತೇವೆ.

ಗುರುವಾರ

*ಸೈಟಿನಿಂದ:* ಮಳೆ. ಏನೂ ಇಲ್ಲ.

*ವರದಿ:*

ಮಾನ್ಯರೇ,

ಬೆಳಿಗ್ಗೆ 6ರಿಂದ ಎಡೆಬಿಡದೆ ಮಳೆ ಸುರಿದ ಕಾರಣ ಇಂದಿನ ಕಾಂಕ್ರೀಟ್ ಮುಂದೂಡಿದ್ದೇವೆ. ಗಾಡಿಗಳನ್ನು ಮೊದಲೇ ರದ್ದು ಮಾಡಿದ್ದರಿಂದ ಮಾಲು ಹಾಳಾಗಿಲ್ಲ. ಸೆಂಟ್ರಿಂಗ್ ಮೇಲೆ ನಿಂತ ನೀರು ತೆಗೆದು, ಸೆಂಟ್ರಿಂಗಿಗೆ ಆಧಾರವಾದ ಜಾಕಿಗಳ ಬುಡದ ಮಣ್ಣು ಕುಸಿದಿಲ್ಲವೆಂದು ನೋಡಿಕೊಂಡು, ನಾಳೆ 8:30ಕ್ಕೆ ಆರಂಭಿಸುತ್ತೇವೆ. ಒಟ್ಟು ವೇಳಾಪಟ್ಟಿಯಲ್ಲಿ ಒಂದು ದಿನ ಹಿಂದೆ.

(ಮೂರು ಪದದ ಮೆಸೇಜಿಗೆ ಇಷ್ಟು ವರದಿ ಹೇಗೆ ಅಂತ ಕೇಳಬೇಡಿ. ಫೋನ್ ಮಾಡಿ ಒಂದೊಂದೇ ಕೇಳಿದೆ. ಜಾಕಿ ಬುಡ ನೋಡಿದ್ದೀರಾ ಅಂದಾಗ, "ಈಗ ನೋಡ್ತೀನಿ" ಅಂದು ಹೋಗಿ ನೋಡಿ ಬಂದರು.)

ಶುಕ್ರವಾರ

*ಸೈಟಿನಿಂದ:* ಮೇಡಂ ಕಾಂಕ್ರೀಟ್ ಆಯ್ತು!! 22 ಕ್ಯೂಬಿಕ್ ಮೀಟರ್. ಆದ್ರೆ ಮೂರನೇ ಗಾಡಿ ವಾಪಸ್ ಕಳಿಸ್ದೆ. ಸ್ಲಿಪ್ಪಲ್ಲಿ 8:05 ಅಂತಿದೆ, ಬಂದಿದ್ದು 10:20. ನೋಡಿದ್ರೆ ಸಾಂಬಾರು! ದಾರೀಲಿ ಡ್ರೈವರ್ ನೀರು ಬಿಟ್ಟಿದಾನೆ, ಸ್ಲಂಪ್ 170. ನಾವು ಕೇಳಿದ್ದು 100ರಿಂದ 120. ಅವನು ಕೈ ಮುಗಿದ, ನಾನು ಒಪ್ಲಿಲ್ಲ. ಬೇರೆ ಗಾಡಿ 11:25ಕ್ಕೆ ಬಂತು. ಅಲ್ಲಿವರೆಗೆ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ, ಅಂಚು ಗಟ್ಟಿ ಆಗುತ್ತೇನೋ ಅಂತ. ನೀಡಲ್ ಇಟ್ಟು ನೋಡ್ದೆ, ಒತ್ತದೇನೇ ತಾನೇ ಇಳೀತು. ಕ್ಯೂಬ್ 12 ತೆಗ್ದಿದೀವಿ.

*ನಾನು:* ಗಾಡಿ ವಾಪಸ್ ಕಳಿಸಿದ್ದು ಚೆನ್ನಾಯ್ತು. ಇದನ್ನ ವರದಿಯಲ್ಲಿ ಮೊದಲೇ ಹಾಕ್ತೀನಿ. ಗ್ಯಾಪ್ ಬಿದ್ದ ಜಾಗ ಅಳೆದು ಕಳಿಸಿ.

*ವರದಿ:*

ಮಾನ್ಯರೇ,

ತಾರಸಿ ಸ್ಲ್ಯಾಬಿನ ಕಾಂಕ್ರೀಟ್ ಇಂದು ಮುಗಿದಿದೆ. ಎಂ25 ದರ್ಜೆಯ 22 ಘನ ಮೀಟರ್ ಹಾಕಿದ್ದೇವೆ. ಸ್ಲ್ಯಾಬ್ ದಪ್ಪ 125 ಮಿ.ಮೀ.

ಒಂದು ಗಾಡಿಯನ್ನು ತಿರಸ್ಕರಿಸಿದ್ದೇವೆ. ಮೂರನೆಯ ಗಾಡಿ ಕಾಂಕ್ರೀಟ್ ಕಲಸಿ 2 ಗಂಟೆ 15 ನಿಮಿಷ ಕಳೆದ ಮೇಲೆ ಬಂತು. ಎರಡು ಗಂಟೆಯೊಳಗೆ ಹಾಕಬೇಕೆಂಬುದು ನಿಯಮ. ಕಾಂಕ್ರೀಟ್ ಎಷ್ಟು ತೆಳುವಾಗಿದೆ ಎಂದು ತೋರಿಸುವ ಸ್ಲಂಪ್ ಅಳತೆ ನಾವು ಕೇಳಿದ್ದು 100ರಿಂದ 120 ಮಿ.ಮೀ., ಬಂದದ್ದು 170. ನೀರು ಹೆಚ್ಚಾದರೆ ಹರಡುವುದು ಸುಲಭ, ಆದರೆ ಬಲ ಕಡಿಮೆಯಾಗುತ್ತದೆ. ಆ ಗಾಡಿಯ ಕಾಂಕ್ರೀಟಿನಲ್ಲಿ ಒಂದು ಬುಟ್ಟಿಯನ್ನೂ ಬಳಸಿಲ್ಲ.

ಬದಲಿ ಗಾಡಿ ಬರುವವರೆಗೆ 1 ಗಂಟೆ 20 ನಿಮಿಷ ಕಾಂಕ್ರೀಟ್ ನಿಂತಿತ್ತು. ಜಾಗ: ಹಾಲಿನ ಉತ್ತರ ಗೋಡೆಯಿಂದ 1.8 ಮೀಟರ್ ದೂರದಲ್ಲಿ ಅಡ್ಡಲಾಗಿ. ಅಂಚು ಆಗಲೂ ಮೆತ್ತಗಿತ್ತು. ವೈಬ್ರೇಟರ್ ಸೂಜಿ ತನ್ನ ಭಾರಕ್ಕೇ ಒಳಗೆ ಇಳಿಯಿತು. ಹಾಗಾಗಿ ಹಳೆಯದನ್ನೂ ಹೊಸದನ್ನೂ ಸೇರಿಸಿಯೇ ಅಲುಗಿಸಿದ್ದೇವೆ. ಆದರೂ ಈ ಗೆರೆಯನ್ನು ಗುರುತು ಹಾಕಿ ಇಟ್ಟಿದ್ದೇವೆ. ಸೆಂಟ್ರಿಂಗ್ ತೆಗೆದ ಮೇಲೆ ಕೆಳಗಿನಿಂದ ನಿಮ್ಮ ಎದುರಲ್ಲೇ ನೋಡಬಹುದು.

ಬಲ ಪರೀಕ್ಷೆಗೆಂದು ಮೂರು ಬೇರೆ ಬೇರೆ ಗಾಡಿಗಳಿಂದ ಒಟ್ಟು 12 ಕ್ಯೂಬ್ ತೆಗೆದಿದ್ದೇವೆ. 3 ಕ್ಯೂಬ್ 7ನೇ ದಿನಕ್ಕೆ, ಉಳಿದ 9 ಕ್ಯೂಬ್ 28ನೇ ದಿನಕ್ಕೆ.

ಶನಿವಾರ

*ಸೈಟಿನಿಂದ:* ಕಟ್ಟೆ ಕಟ್ಟಿ ನೀರು ನಿಲ್ಸಿದೀವಿ. ಸೋರಿಕೆ ಇಲ್ಲ. ಭಾನುವಾರ ನೀರು ನೋಡೋಕೆ ಒಬ್ಬನ್ನ ಇಡ್ಬೇಕು, ಯಾರೂ ಒಪ್ತಿಲ್ಲ.

*ವರದಿ:*

ಮಾನ್ಯರೇ,

ಸ್ಲ್ಯಾಬಿನ ಮೇಲೆ ಗಾರೆಯ ಸಣ್ಣ ಕಟ್ಟೆಗಳನ್ನು ಕಟ್ಟಿ ನೀರು ನಿಲ್ಲಿಸಿದ್ದೇವೆ. ಈ ಕ್ಯೂರಿಂಗ್ 14 ದಿನ ನಡೆಯುತ್ತದೆ. ಭಾನುವಾರವೂ ನೀರು ನೋಡಿಕೊಳ್ಳಲು ಒಬ್ಬರು ಇರುತ್ತಾರೆ.

(ಒಬ್ಬರು ಸಿಕ್ಕಿದ್ದು ರಾತ್ರಿ 9ಕ್ಕೆ. ವರದಿ ಅದಾದ ಮೇಲೆಯೇ ಕಳಿಸಿದೆ.)

ಮುಂದಿನ ಶುಕ್ರವಾರ

*ಸೈಟಿನಿಂದ:* ಕ್ಯೂಬ್ ರಿಸಲ್ಟ್ ಸೂಪರ್ ಮೇಡಂ, ಸರಾಸರಿ 17.8. ಸೆಂಟ್ರಿಂಗ್ ಕಾಂಟ್ರಾಕ್ಟರ್ ಜಾಕಿ ಬಿಚ್ಚಿ ಕೊಡಿ ಅಂತ ಒಂದೇ ಸಮ ಹಠ. ಅವನಿಗೆ ಬೇರೆ ಸೈಟಿಗೆ ಬೇಕಂತೆ. 7 ದಿನ ಆಯ್ತಲ್ಲ ಅಂತಾನೆ. ಕೊಡ್ಲಾ?

*ನಾನು:* ಕೊಡಬೇಡಿ. ಹಾಲ್ ಅಗಲ 5.2 ಮೀಟರ್. 7 ದಿನದ ಲೆಕ್ಕ 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ ಮಾತ್ರ. ನನ್ನ ಹೆಸರು ಹೇಳಿ ಬೈಸಿಕೊಳ್ಳಿ, ಪರವಾಗಿಲ್ಲ.

*ವರದಿ:*

ಮಾನ್ಯರೇ,

7ನೇ ದಿನದ ಕ್ಯೂಬ್ ಪರೀಕ್ಷೆಯಲ್ಲಿ ಸರಾಸರಿ ಬಲ ಚದರ ಮಿಲಿಮೀಟರಿಗೆ 17.8 ನ್ಯೂಟನ್ ಬಂದಿದೆ. ಎಂ25 ಕಾಂಕ್ರೀಟಿಗೆ ಈ ಹಂತದಲ್ಲಿ ಇದು ತೃಪ್ತಿಕರ. ಆದರೆ ಕಾಂಕ್ರೀಟನ್ನು ಒಪ್ಪುವುದು ಬಿಡುವುದು 28ನೇ ದಿನದ ಪರೀಕ್ಷೆಯ ಮೇಲೆಯೇ.

ಸ್ಲ್ಯಾಬಿನ ಕೆಳಗಿನ ಜಾಕಿಗಳನ್ನು ಇನ್ನೂ ತೆಗೆದಿಲ್ಲ. 4.5 ಮೀಟರ್‌ಗಿಂತ ಅಗಲದ ಸ್ಲ್ಯಾಬಿಗೂ, 6 ಮೀಟರ್‌ವರೆಗಿನ ಬೀಮ್‌ಗಳಿಗೂ ಕನಿಷ್ಠ 14 ದಿನ ಆಧಾರ ಇರಬೇಕು. ಹಾಲಿನ ಅಗಲ 5.2 ಮೀಟರ್. ಆದ್ದರಿಂದ ಮುಂದಿನ ಶುಕ್ರವಾರಕ್ಕೆ ಮುಂಚೆ ಒಂದು ಜಾಕಿಯನ್ನೂ ತೆಗೆಯುವುದಿಲ್ಲ. ಅಲ್ಲಿಯವರೆಗೆ ಕೆಳಗಿನ ಕೋಣೆಗಳಲ್ಲಿ ಗೋಡೆ ಕೆಲಸ ಆರಂಭಿಸಲು ಆಗುವುದಿಲ್ಲ. ಈ ವಾರ ಸೈಟಿನಲ್ಲಿ ಜನ ಕಡಿಮೆ ಕಂಡರೆ ಕಾರಣ ಇದೇ.

ಜಾಕಿ ತೆಗೆದ ಮರುದಿನ, ಶನಿವಾರ ಬೆಳಿಗ್ಗೆ 10ಕ್ಕೆ, ಹಾಲಿನಲ್ಲಿ ಗುರುತು ಹಾಕಿದ ಗೆರೆಯನ್ನು ಕೆಳಗಿನಿಂದ ನೋಡಲು ನೀವು ಬರಬಹುದೇ? ಸ್ಟ್ರಕ್ಚರಲ್ ಎಂಜಿನಿಯರ್ ಆ ಹೊತ್ತಿಗೆ ಬರುತ್ತಾರೆ. ಸಮಯ ಹೊಂದದಿದ್ದರೆ ಬುಧವಾರದೊಳಗೆ ತಿಳಿಸಿ.