ನಿನಗಾಗಿದ್ದು ನಾಟಕ ಅಲ್ಲ ಕಣೇ

ಮಲಗಿದ್ದೀಯ ಅಂದುಕೊಂಡಿದ್ದೇನೆ. ಎದ್ದಾಗ ಓದು. ಉತ್ತರ ಬರೆಯಲೇಬೇಕು ಅಂತೇನಿಲ್ಲ.

"ಏನೂ ಇಲ್ಲದೆ ಎಲ್ಲರ ಮುಂದೆ ರಂಪ ಮಾಡಿಬಿಟ್ಟೆ" ಅಂತ, ಮೀಟಿಂಗಿನಲ್ಲಿ ನಿನಗೆ ಪ್ಯಾನಿಕ್ ಅಟ್ಯಾಕ್ ಆದದ್ದರ ಬಗ್ಗೆ ಕಳಿಸಿದ್ದೀಯಲ್ಲ, ಅದನ್ನು ನಾಲ್ಕೈದು ಸಲ ಓದಿದೆ. ಆ "ಏನೂ ಇಲ್ಲದೆ" ಅನ್ನೋ ಮಾತೇ ತಪ್ಪು. ಇಸಿಜಿ ಸರಿಯಾಗಿದೆ ಅಂದರೆ ಡಾಕ್ಟರು ಅದರಲ್ಲಿ ಹೃದಯದ ತೊಂದರೆ ಕಾಣಲಿಲ್ಲ ಅಂತ, ನಿನಗೆ ಏನೂ ಆಗಲೇ ಇಲ್ಲ ಅಂತಲ್ಲ. ಮೆಟ್ಟಿಲ ಮೇಲೆ ನಿನ್ನ ಪಕ್ಕ ಕೂತಿದ್ದವಳು ನಾನು. ನಿನ್ನ ಬೆರಳು ತಣ್ಣಗಾಗಿದ್ದವು, ಅಂಗೈ ಪೂರ್ತಿ ಬೆವರು. ಕುತ್ತಿಗೆ ಹತ್ತಿರ ನಾಡಿ ಹೊಡೆದುಕೊಳ್ಳುತ್ತಿದ್ದದ್ದು ನನಗೇ ಕಾಣುತ್ತಿತ್ತು. ಇದನ್ನೆಲ್ಲ ಬೇಕು ಅಂತ ಮಾಡೋಕೆ ಆಗುತ್ತಾ?

ಡಾಕ್ಟರು ಪ್ಯಾನಿಕ್ ಅಟ್ಯಾಕ್ ಅಂದ ತಕ್ಷಣ ನಿನ್ನ ಮುಖ ಇನ್ನೂ ಸಣ್ಣದಾಯಿತು. ಹೃದಯಕ್ಕೆ ಏನಾದರೂ ಆಗಿದ್ದರೆ ಮರ್ಯಾದೆ ಉಳಿಯುತ್ತಿತ್ತು ಅನ್ನೋ ಹಾಗೆ! ಇದೂ ಮೈಯಲ್ಲೇ ಆಗಿದ್ದು ಕಣೇ. ಎದುರಿಗೆ ಹಾವು ಬಂದರೆ ಮೈ ಏನೇನು ಮಾಡುತ್ತದೋ, ಅದನ್ನೇ ಹಾವಿಲ್ಲದೆ ಮಾಡಿತು. ಅಡ್ರಿನಲಿನ್ ಏರಿತು, ಎದೆ ಡವಡವ ಅಂತು, ಉಸಿರು ಜೋರಾಯಿತು. ಹಾಗೆ ಅತಿಯಾಗಿ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳು, ತುಟಿ ಜುಮುಜುಮು ಅನ್ನೋದು, ತಲೆ ತೇಲಿದ ಹಾಗಾಗೋದು ಅದರಿಂದಲೇ. "ಸಾಯ್ತಿದ್ದೀನಿ" ಅಂತ ನನ್ನ ತೋಳು ಹಿಡಿದುಕೊಂಡೆಯಲ್ಲ, ಇದು ಬಂದವರು ಎಷ್ಟೋ ಜನ ಹೇಳುವುದು ಅದೇ ಮಾತು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ನಿನಗೂ ಹಾಗೇ ಇಳಿಯಿತು. ನಾನೇನೂ ಮಾಡಲಿಲ್ಲ, ಸುಮ್ನೆ ಪಕ್ಕದಲ್ಲಿ ಕೂತಿದ್ದೆ.

ಇದೆಲ್ಲ ಹೇಗೆ ಗೊತ್ತು ಅಂತೀಯಾ? ನನಗೂ ಆಗಿದೆ. ಹಳೇ ಆಫೀಸಿನ ಲಿಫ್ಟಿನಲ್ಲಿ. ಜತೆಗೆ ಮೂವರಿದ್ದರು. ನಾನು ಗೋಡೆ ಹಿಡಿದು ಕುಸಿದು ಕೂತೆ. ಆಮೇಲೆ ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ ನೋಡು. ಮೆಟ್ಟಿಲು ಹತ್ತಿದರೆ ವ್ಯಾಯಾಮ ಅಂತ ಸುಳ್ಳು ಹೇಳಿಕೊಂಡು ಎಂಟು ತಿಂಗಳು ಆರನೇ ಮಹಡಿಗೆ ನಡೆದೇ ಹೋದೆ. ತಪ್ಪಿಸಿಕೊಂಡಷ್ಟೂ ಲಿಫ್ಟಿನ ಭಯ ಜಾಸ್ತಿಯಾಯಿತೇ ಹೊರತು ಹೋಗಲಿಲ್ಲ. ಕೊನೆಗೆ ಒಬ್ಬ ಕೌನ್ಸೆಲರ್ ಹತ್ತಿರ ಹೋಗಿ, ಮೊದಲು ಒಂದು ಮಹಡಿ, ಆಮೇಲೆ ಎರಡು ಅಂತ ಮತ್ತೆ ಹತ್ತೋಕೆ ಕಲಿತೆ. ಆ ಎಂಟು ತಿಂಗಳು ದಂಡ. ನಿನಗೆ ಆ ದಂಡ ಬೇಡ ಅಂತಲೇ ಇಷ್ಟು ಉದ್ದ ಬರೆಯುತ್ತಿರುವುದು.

ಇನ್ನು ಮೀಟಿಂಗಿನಲ್ಲಿದ್ದವರು ಕಂಡಿದ್ದೇನು ಗೊತ್ತಾ? ನೀನು ಮಾತು ನಿಲ್ಲಿಸಿದೆ, ಪೆನ್ನು ಬಿತ್ತು, ಹೊರಗೆ ಹೋದೆ. ಅಷ್ಟೇ. ನಿನ್ನೊಳಗೆ ನಡೆದದ್ದು ಯಾರಿಗೂ ಕಾಣಲಿಲ್ಲ. ನಾನು ಬ್ಯಾಗ್ ತೆಗೆದುಕೊಳ್ಳೋಕೆ ವಾಪಸ್ ಹೋದಾಗ ಇಬ್ಬರು "ಈಗ ಹುಷಾರಾಗಿದ್ದಾರಾ?" ಅಂತ ಕೇಳಿದರು. ಉಳಿದವರು ಎಸಿ ಜಾಸ್ತಿ ಮಾಡಬೇಕೋ ಕಡಿಮೆ ಮಾಡಬೇಕೋ ಅಂತ ಜಗಳ ಆಡುತ್ತಿದ್ದರು. ನಾನು "ತಲೆ ಸುತ್ತಿತು" ಅಂತ ಮಾತ್ರ ಹೇಳಿದ್ದೇನೆ. ಅದಕ್ಕಿಂತ ಜಾಸ್ತಿ ಹೇಳಬೇಕೋ ಬೇಡವೋ ನಿನಗೆ ಬಿಟ್ಟದ್ದು.

ಒಂದು ಸಲ ಬಂತು ಅಂದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಎಷ್ಟೋ ಜನಕ್ಕೆ ಒಂದೋ ಎರಡೋ ಸಲ ಬಂದು ನಿಂತುಹೋಗುತ್ತದೆ. ಆದರೂ ಥೈರಾಯ್ಡ್ ಟೆಸ್ಟ್ ಮಾಡಿಸಿ ಅಂದಿದ್ದಾರಲ್ಲ, ಅದನ್ನು ಮುಂದೆ ಹಾಕಬೇಡ. ಮೂರು ರಾತ್ರಿ ಸರಿಯಾಗಿ ನಿದ್ದೆ ಮಾಡದೆ, ಕಾಫಿ ಮೇಲೆ ಕಾಫಿ ಕುಡಿದು ಆ ಸ್ಲೈಡ್ ಮಾಡಿದ್ದೆ ನೀನು. ಅದೇ ಕಾರಣ ಅಂತ ಹೇಳೋಕಾಗದಿದ್ದರೂ, ಅದೇನೂ ಸಹಾಯ ಮಾಡಿರಲಿಕ್ಕಿಲ್ಲ, ಅಲ್ವಾ?

ಮತ್ತೆ ಬಂದರೆ ಅದರ ಜತೆ ಗುದ್ದಾಡಬೇಡ. ಉಸಿರು ಬಿಡೋದನ್ನು ಎಳೆದುಕೊಳ್ಳೋದಕ್ಕಿಂತ ನಿಧಾನ ಮಾಡು. ಇಳಿಯುತ್ತದೆ. ಪದೇಪದೇ ಬಂದರೆ, ಇಲ್ಲಾ ಬಂದೀತು ಅನ್ನೋ ಹೆದರಿಕೆಯಲ್ಲೇ ದಿನ ಹೋಗುತ್ತಿದ್ದರೆ, ನನ್ನ ಕೌನ್ಸೆಲರ್ ನಂಬರ್ ಕೊಡುತ್ತೇನೆ. ಜತೆಗೂ ಬರುತ್ತೇನೆ.

ನಾಳೆ ರಜೆ ಹಾಕಿದ್ದೀಯ, ಒಳ್ಳೆಯದಾಯಿತು. ಸೋಮವಾರ ಒಂಬತ್ತೂವರೆಗೆ ಗೇಟಿನ ಹತ್ತಿರ ನಿಂತಿರುತ್ತೇನೆ, ಒಟ್ಟಿಗೆ ಮೇಲೆ ಹೋಗೋಣ. ಆ ಮೀಟಿಂಗ್ ರೂಮಿಗೆ ಯಾರೂ ಇಲ್ಲದಾಗ ಒಂದು ಸಲ ಹೋಗಿ ಕೂತು ಬರೋಣ ಅಂತ ನನ್ನ ಆಸೆ. ನಿನಗೆ ಬೇಡ ಅನ್ನಿಸಿದರೆ ಅವತ್ತು ಬೇಡ.

ನಿನ್ನ ನೀಲಿ ನೀರಿನ ಬಾಟಲಿ ಅಲ್ಲೇ ಉಳಿದಿತ್ತು. ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದೇನೆ.